ತೊಟ್ಟಿಕ್ಕುವ ನಳ್ಳಿ ಮತ್ತು ಅತ್ತೆಯ ಮಣಿಕಟ್ಟು

ಓದುಗ ಸಹೋದರಿಯರೇ, ಇಶಾ ನಮಾಝ್ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ನಿಮ್ಮ ಮನೆಯಲ್ಲಿ ಯಾವ ಸದ್ದು ಕೇಳಿಸುತ್ತದೆ? ನಮ್ಮ ಮನೆಯಲ್ಲಿ ಸುಮಾರು ಎರಡು ತಿಂಗಳ ಕಾಲ ಕೇಳಿಸುತ್ತಿದ್ದದ್ದು ಒಂದೇ ಸದ್ದು. ವುಝೂ ಮಾಡುವ ಕಟ್ಟೆಯ ನಳ್ಳಿಯಿಂದ ಟಪ್, ಟಪ್ ಎಂದು ಬೀಳುವ ನೀರಿನ ಹನಿ.

ಅದು ನನಗಿಂತ ಹೆಚ್ಚಾಗಿ ನನ್ನ ಅತ್ತೆಯನ್ನು ಕಾಡುತ್ತಿತ್ತು. ಬಾವಿಯಿಂದ ನೀರು ಸೇದಿ ಸಂಸಾರ ಮಾಡಿದವರು ಅವರು. ನೀರು ಪೋಲಾಗುವ ಸದ್ದು ಕೇಳಿಸಿದರೆ ನಿದ್ದೆ ಬರುವುದಿಲ್ಲ. ರಾತ್ರಿ ಎದ್ದು ಹೋಗಿ ನಳ್ಳಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಒತ್ತಿ ತಿರುಗಿಸಿ ಬರುತ್ತಿದ್ದರು. ಹತ್ತು ನಿಮಿಷದಲ್ಲಿ ಮತ್ತೆ ಟಪ್. ಹಾಗೆ ಒಂದು ರಾತ್ರಿ ಎದ್ದು ಹೋದವರು ಕಟ್ಟೆಯ ಬಳಿ ಜಾರಿ ಬಿದ್ದರು. ಹಗಲೂ ರಾತ್ರಿ ಹನಿ ಬಿದ್ದು ಆ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಕಟ್ಟಿತ್ತು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಅಷ್ಟೂ ದಿನ ಅವರು ಪ್ಲಾಸ್ಟರಿನ ಮೇಲೆ ಒದ್ದೆ ಕೈಯಿಂದ ಸವರಿ ವುಝೂ ಪೂರೈಸುತ್ತಿದ್ದುದನ್ನು ನೋಡುವಾಗ ನನಗೆ ಆ ನಳ್ಳಿಯ ಮೇಲೆ ಎಷ್ಟು ಕೋಪವಿತ್ತೋ, ನನ್ನ ಮೇಲೆಯೂ ಅಷ್ಟೇ ಕೋಪ ಬರುತ್ತಿತ್ತು.

ರಿಪೇರಿ ಮಾಡಿಸಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿಸಿದ್ದೆವು. ಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ಕೆಲಸದವರನ್ನು ಕರೆಯುವಂತಿಲ್ಲ, ಗಂಡಸರಿರುವ ಭಾನುವಾರ ಅವರು ಬರುವುದಿಲ್ಲ. ಕೊನೆಗೂ ಒಂದು ಭಾನುವಾರ ಬಂದವರು ನಳ್ಳಿಯನ್ನು ಗೋಡೆಯಿಂದ ಬಿಚ್ಚಿ, ಅದರ ಮರೆಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಿ ಮತ್ತೆ ಕೂರಿಸಿ ಹೋದರು. ನಾಲ್ಕನೇ ದಿನಕ್ಕೆ ಹನಿ ಮೊದಲಿನಂತೆಯೇ. ಈಗ ಯೋಚಿಸಿದರೆ ಅದು ಆಗಲೇಬೇಕಾದದ್ದು. ಟೆಫ್ಲಾನ್ ಟೇಪ್ ಇರುವುದು ನಳ್ಳಿ ಮತ್ತು ಗೋಡೆಯ ಪೈಪ್ ಸೇರುವ ಜಾಗಕ್ಕೆ. ಅಲ್ಲಿ ನೀರು ಒಸರಿದರೆ ಟೇಪ್ ಸುತ್ತಬೇಕು. ನಮ್ಮ ನೀರು ಬೀಳುತ್ತಿದ್ದದ್ದು ನಳ್ಳಿಯ ಬಾಯಿಯಿಂದ. ಮುಚ್ಚಿದ ನಳ್ಳಿಯ ಬಾಯಿಯಿಂದ ಹನಿ ಬೀಳುತ್ತಿದ್ದರೆ ದೋಷ ಒಳಗೆ, ನೀರನ್ನು ತಡೆಯುವ ಭಾಗದಲ್ಲಿದೆ. ಹೊರಗೆ ಎಷ್ಟು ಟೇಪ್ ಸುತ್ತಿದರೂ ಅದಕ್ಕೆ ತಲುಪುವುದಿಲ್ಲ.

ಹಾಗಾದರೆ ಒಳಗಿನ ಆ ಭಾಗ ಯಾವುದು? ಇದೊಂದನ್ನು ತಿಳಿದುಕೊಳ್ಳದೆ ನಾನೂ ಒಂದು ತಪ್ಪು ಮಾಡಿದೆ. ಅಂಗಡಿಯಿಂದ ಅರ್ಧ ಇಂಚಿನ ನಳ್ಳಿಗೆಂದು ನಾಲ್ಕು ರಬ್ಬರ್ ವಾಷರ್ ತರಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ನಳ್ಳಿಯ ತಲೆ ಬಿಚ್ಚಿ ನೋಡಿದರೆ ವಾಷರ್ ಹಾಕುವ ಜಾಗವೇ ಇರಲಿಲ್ಲ! ಹಳೆಯ ವಾಷರ್ ಕರಗಿಯೇ ಹೋಗಿದೆ ಎಂದುಕೊಂಡು ಹೊಸದನ್ನು ತುರುಕಲು ಹೊರಟಿದ್ದೆ. ಹಿಡಿ ತಿರುಗಲೇ ಇಲ್ಲ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಬಿಚ್ಚಿದ ಭಾಗವನ್ನು ಮಾತ್ರ ಕೈಯಲ್ಲಿ ಹಿಡಿದು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಆದರೆ ಅಷ್ಟೂ ಬೇಕಿರಲಿಲ್ಲ. ಬಿಚ್ಚುವ ಮೊದಲೇ, ಕೈಯಿಂದ ತಿರುಗಿಸಿ ನೋಡಿಯೇ ತಿಳಿಯಬಹುದಿತ್ತು.

ನೀವು ಈಗಲೇ ಎದ್ದು ಹೋಗಿ ನಿಮ್ಮ ಮನೆಯ ನಳ್ಳಿಗಳನ್ನು ತಿರುಗಿಸಿ ನೋಡಿ. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಪೂರ್ತಿ ತೆರೆಯಲು ಹಿಡಿಯನ್ನು ಎರಡು, ಮೂರು ಸುತ್ತು ತಿರುಗಿಸಬೇಕಾಗುತ್ತದೆಯೇ? ತಿರುಗಿಸಿದಂತೆ ಹಿಡಿ ಸ್ವಲ್ಪ ಮೇಲೇಳುತ್ತದೆಯೇ? ಹಾಗಿದ್ದರೆ ಅದು ವಾಷರ್ ನಳ್ಳಿ. ಕಾಲು ಸುತ್ತಿಗೆ, ಅಂದರೆ ಗಡಿಯಾರದ ಮುಳ್ಳು ಹನ್ನೆರಡರಿಂದ ಮೂರಕ್ಕೆ ಬಂದಷ್ಟಕ್ಕೇ, ಟಕ್ಕೆಂದು ನಿಂತುಬಿಡುತ್ತದೆಯೇ? ಅದು ಲೋಹದ ನಳ್ಳಿಯಾಗಿದ್ದರೆ ಬಹುತೇಕ ಸೆರಾಮಿಕ್ ಡಿಸ್ಕಿನದು. ಒಂದೇ ಹಿಡಿಯನ್ನು ಮೇಲಕ್ಕೆತ್ತಿದರೆ ನೀರು ಬಂದು, ಎಡಕ್ಕೆ ಬಲಕ್ಕೆ ಸರಿಸಿದರೆ ಬಿಸಿ ತಣ್ಣೀರು ಬದಲಾಗುತ್ತದೆಯೇ? ಅದರೊಳಗಿರುವುದು ಮಿಕ್ಸರ್ ಕಾರ್ಟ್ರಿಜ್. ನಮ್ಮ ಮನೆಯಲ್ಲಿ ಮೂರೂ ಇವೆ. ಹಿತ್ತಿಲ ಕಡೆಯ ಪಾತ್ರೆ ತೊಳೆಯುವ ಜಾಗದಲ್ಲಿ ಹಳೆಯ ಹಿತ್ತಾಳೆಯ ವಾಷರ್ ನಳ್ಳಿ, ವುಝೂ ಕಟ್ಟೆಯಲ್ಲಿ ಕಾಲು ಸುತ್ತಿನದು, ಹೊಸ ಸ್ನಾನದ ಮನೆಯಲ್ಲಿ ಮಿಕ್ಸರ್.

ಇನ್ನೊಂದು ಗುರುತೂ ಇದೆ. ಅದನ್ನು ನನಗೆ ತೋರಿಸಿಕೊಟ್ಟದ್ದು ಅತ್ತೆಯ ಕೈಯೇ. ಗಟ್ಟಿಯಾಗಿ ಬಿಗಿದಾಗ ಹನಿ ನಿಂತು, ಸಡಿಲಿಸಿದಾಗ ಬೀಳುವುದಿದ್ದರೆ ಒಳಗೆ ವಾಷರ್ ಸವೆದಿದೆ. ಎಷ್ಟು ಬಿಗಿದರೂ ಹನಿಯಲ್ಲಿ ಏನೂ ವ್ಯತ್ಯಾಸವಿಲ್ಲವೆಂದರೆ ಅದು ಡಿಸ್ಕ್ ಅಥವಾ ಕಾರ್ಟ್ರಿಜ್. ನಲವತ್ತು ವರ್ಷ ವಾಷರ್ ನಳ್ಳಿ ಬಳಸಿದ ಕೈಗೆ ಬಿಗಿಯುವುದು ಅಭ್ಯಾಸ. ಆದರೆ ಕಾಲು ಸುತ್ತಿನ ನಳ್ಳಿಯಲ್ಲಿ ಬಿಗಿಯಲು ಏನೂ ಇಲ್ಲ. ಹಿಡಿ ಒಂದು ತಡೆಗೆ ತಾಗಿ ನಿಲ್ಲುತ್ತದೆ. ಆಮೇಲೆ ಹಾಕುವ ಬಲವೆಲ್ಲ ಆ ತಡೆಯನ್ನು ಮುರಿಯಲು ಮಾತ್ರ.

ಮೊದಲು ವಾಷರ್ ನಳ್ಳಿಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಹಿರಿಯರ ಮನೆಗಳಲ್ಲಿ ಈಗಲೂ ಹೆಚ್ಚಾಗಿ ಇರುವುದು ಅದೇ. ಅದರೊಳಗೆ ಪೈಪಿನಿಂದ ನೀರು ಬರುವ ದುಂಡನೆಯ ತೂತಿಗೆ ಲೋಹದ ಅಂಚಿದೆ. ಇದಕ್ಕೆ ಸೀಟ್ ಎನ್ನುತ್ತಾರೆ. ಹಿಡಿ ತಿರುಗಿಸಿದಾಗ ಸ್ಪಿಂಡಲ್ ಕೆಳಗಿಳಿದು, ತುದಿಯಲ್ಲಿರುವ ರಬ್ಬರ್ ವಾಷರನ್ನು ಆ ಅಂಚಿನ ಮೇಲೆ ಒತ್ತುತ್ತದೆ. ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಂತೆ. ದಿನಕ್ಕೆ ಇಪ್ಪತ್ತು ಸಲ ಒತ್ತಿಸಿಕೊಂಡು ರಬ್ಬರ್ ಗಟ್ಟಿಯಾಗುತ್ತದೆ, ಅದರ ಮೇಲೆ ಉಂಗುರದಂತೆ ಗುಳಿ ಬೀಳುತ್ತದೆ, ಆಗ ಹನಿ ಶುರು.

ಬದಲಿಸುವಾಗ ಮೊದಲು ಮಾಳಿಗೆಯ ಟ್ಯಾಂಕಿನಿಂದ ಬರುವ ಪೈಪಿನ ವಾಲ್ವ್ ಮುಚ್ಚಬೇಕು. ಬಹಳ ಕಾಲ ಮುಟ್ಟದ ವಾಲ್ವ್ ಆಗಿದ್ದರೆ ನಿಧಾನವಾಗಿ, ಹಿಂದೆ ಮುಂದೆ ಅಲುಗಿಸುತ್ತಾ ತಿರುಗಿಸಿ. ಒಂದೇ ಸಲ ಜೋರಾಗಿ ತಿರುಗಿಸಿದರೆ ಅದೇ ಮುರಿಯಬಹುದು. ನಂತರ ನಳ್ಳಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಖಾಲಿ ಮಾಡಿ, ಹಿಡಿಯನ್ನು ಅರ್ಧ ತೆರೆದೇ ಇಡಿ. ಪೂರ್ತಿ ಮುಚ್ಚಿಟ್ಟು ತಲೆ ಬಿಚ್ಚಲು ಹೋದರೆ ವಾಷರ್ ಸೀಟಿಗೆ ಕಚ್ಚಿಕೊಂಡಿರುವುದರಿಂದ ಬಿಚ್ಚುವುದು ಕಷ್ಟ. ಇನ್ನು ಪಾನಾ ಹಾಕಿ ತಲೆಭಾಗವನ್ನು ಎಡಕ್ಕೆ ತಿರುಗಿಸುವಾಗ ಮತ್ತೊಂದು ಪಾನಾ ಅಥವಾ ಪೈಪ್ ರೆಂಚಿನಿಂದ ನಳ್ಳಿಯ ಮೈಯನ್ನು ಅಲುಗದಂತೆ ಹಿಡಿಯಲೇಬೇಕು. ಇದನ್ನು ಬಿಟ್ಟರೆ ನಳ್ಳಿಯೊಂದಿಗೆ ಗೋಡೆಯೊಳಗಿನ ಪೈಪಿನ ಜೋಡಣೆಯೂ ತಿರುಗಿ ಬಿರುಕು ಬಿಡುತ್ತದೆ. ಆಮೇಲೆ ಟೈಲ್ಸ್ ಒಡೆಸುವ ಖರ್ಚು. ಒಬ್ಬರು ಹಿಡಿದು ಒಬ್ಬರು ತಿರುಗಿಸುವುದು ಒಳ್ಳೆಯದು. ನಮ್ಮಲ್ಲಿ ನಳ್ಳಿಯನ್ನು ಹಿಡಿದದ್ದು ಒಂಬತ್ತನೇ ತರಗತಿಯ ಮಗಳು.

ತಲೆ ಬಿಚ್ಚಿದಾಗ ವಾಷರ್ ಇರುವ ಪುಟ್ಟ ಹಿತ್ತಾಳೆಯ ತುಂಡು ಅದರೊಂದಿಗೆ ಬರಬಹುದು, ಇಲ್ಲವೇ ನಳ್ಳಿಯೊಳಗೇ ಉಳಿಯಬಹುದು. ಉಳಿದರೆ ಚಿಮ್ಮಟದಿಂದ ಎತ್ತಿ. ಅದೇ ಗಾತ್ರದ ಹೊಸ ವಾಷರ್ ಹಾಕಿ. ಇಷ್ಟಕ್ಕೇ ಮುಚ್ಚಿಬಿಡಬೇಡಿ. ಕಿರುಬೆರಳನ್ನು ಒಳಗೆ ಹಾಕಿ ಸೀಟಿನ ಅಂಚನ್ನು ಒಮ್ಮೆ ಸವರಿ ನೋಡಿ. ನುಣ್ಣಗಿದ್ದರೆ ಚಿಂತೆಯಿಲ್ಲ. ಉಗುರಿಗೆ ಗೀರು, ಗುಳಿ ಸಿಕ್ಕಿದರೆ ಆ ಅಂಚು ಹೊಸ ರಬ್ಬರನ್ನು ಕೆಲವೇ ವಾರಗಳಲ್ಲಿ ತಿಂದುಬಿಡುತ್ತದೆ. "ಈ ವರ್ಷ ಮೂರು ಸಲ ವಾಷರ್ ಹಾಕಿಸಿದೆವು, ಈಗಿನ ವಾಷರೇ ಸರಿಯಿಲ್ಲ" ಎಂದು ಹೇಳುವವರ ಮನೆಯಲ್ಲಿ ಹೆಚ್ಚಿನ ಸಲ ಕೆಟ್ಟಿರುವುದು ಈ ಸೀಟು. ಅದನ್ನು ನಯ ಮಾಡುವ ಸಲಕರಣೆ ಕೆಲವು ಪ್ಲಂಬರ್‌ಗಳ ಬಳಿ ಇರುತ್ತದೆ. ಇಲ್ಲವಾದರೆ ನಳ್ಳಿಯನ್ನೇ ಬದಲಿಸುವುದು ಲೇಸು.

ಈಗ ವುಝೂ ಕಟ್ಟೆಯ ನಳ್ಳಿಗೆ ಬರೋಣ. ಪೌಡರ್ ಡಬ್ಬದ ಮುಚ್ಚಳವನ್ನು ನೀವೆಲ್ಲ ನೋಡಿದ್ದೀರಿ. ಮೇಲಿನ ತಟ್ಟೆಯಲ್ಲೂ ತೂತು, ಕೆಳಗಿನದರಲ್ಲೂ ತೂತು. ತಿರುಗಿಸಿದಾಗ ತೂತಿಗೆ ತೂತು ಸೇರಿದರೆ ಪೌಡರ್ ಬರುತ್ತದೆ, ತಪ್ಪಿದರೆ ನಿಲ್ಲುತ್ತದೆ. ಕಾಲು ಸುತ್ತಿನ ನಳ್ಳಿಯೊಳಗೆ ಇರುವುದೂ ಇದೇ ಏರ್ಪಾಡು. ಪಿಂಗಾಣಿಯಂತಹ ಗಟ್ಟಿ ಸೆರಾಮಿಕ್‌ನ ಎರಡು ಪುಟ್ಟ ಬಿಲ್ಲೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಅಲುಗುವುದಿಲ್ಲ, ಇನ್ನೊಂದು ಹಿಡಿಯೊಂದಿಗೆ ತಿರುಗುತ್ತದೆ. ಎರಡರ ಮೈಯೂ ಎಷ್ಟು ನುಣುಪೆಂದರೆ ನಡುವೆ ನೀರು ನುಸುಳಲು ಜಾಗವಿಲ್ಲ. ಒತ್ತುವ ರಬ್ಬರ್ ಇಲ್ಲದ್ದರಿಂದ ವರ್ಷಗಟ್ಟಲೆ ಬಾಳುತ್ತವೆ. ಆದರೆ ಒಂದು ಮರಳಿನ ಕಣ ಅವುಗಳ ನಡುವೆ ಸಿಕ್ಕಿದರೆ ಸಾಕು, ಹನಿ ಶುರುವಾಗುತ್ತದೆ. ಆ ಕಣ ಇರುವಂತೆಯೇ ತಿರುಗಿಸುತ್ತಾ ಹೋದರೆ ಬಿಲ್ಲೆಯ ಮೇಲೆ ಗೀರು ಬಿದ್ದು ಅದು ಶಾಶ್ವತವಾಗಿ ಕೆಡುತ್ತದೆ.

ನಮ್ಮ ಹನಿ ಯಾವಾಗ ಶುರುವಾಯಿತೆಂದು ಅತ್ತೆಯನ್ನು ಕೇಳಿದೆ. ಅವರಿಗೆ ಚೆನ್ನಾಗಿ ನೆನಪಿತ್ತು. "ಟ್ಯಾಂಕ್ ತೊಳೆಸಿದ ವಾರವೇ ಅಲ್ಲವಾ ಮಗಳೇ?" ಎಂದರು. ಆಗ ವಿಷಯ ಹೊಳೆಯಿತು. ಟ್ಯಾಂಕಿನ ತಳದಲ್ಲಿ ಕೂತಿದ್ದ ಕೆಸರು, ಮರಳನ್ನು ಕಲಕಿ ತೊಳೆಯುವಾಗ ಸ್ವಲ್ಪ ಪೈಪಿಗೆ ಇಳಿದಿತ್ತು. ಹೊಸ ಮನೆಗಳಲ್ಲಿ ಹೊಚ್ಚ ಹೊಸ ನಳ್ಳಿ ತೊಟ್ಟಿಕ್ಕಲು ಪೈಪಿನಲ್ಲಿ ಉಳಿದ ಸಿಮೆಂಟು, ಮರಳೇ ಎಷ್ಟೋ ಸಲ ಕಾರಣ.

ಎರಡನೇ ಸಲ ಬಿಚ್ಚುವಾಗ ನಾನು ಅವಸರ ಮಾಡಲಿಲ್ಲ. ವಾಲ್ವ್ ಮುಚ್ಚಿ, ನೀರು ಖಾಲಿ ಮಾಡಿ, ನಳ್ಳಿಯ ಕೆಳಗೆ ಬಟ್ಟೆ ಹಾಸಿದೆ, ಬಿದ್ದ ಸ್ಕ್ರೂ ಮೋರಿಗೆ ಹೋಗಬಾರದಲ್ಲ. ಹಿಡಿಯ ಮೇಲಿನ ಪುಟ್ಟ ಮುಚ್ಚಳವನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಒಳಗಿನ ಸ್ಕ್ರೂ ಬಿಚ್ಚಿ ಹಿಡಿಯನ್ನು ನೇರ ಮೇಲಕ್ಕೆ ಎಳೆದೆ. ಅದರ ಕೆಳಗೆ ಕೈಯಲ್ಲೇ ತಿರುಗುವ ಹೊಳೆಯುವ ಟೋಪಿ, ಅದರೊಳಗೆ ಆರು ಮುಖದ ಹಿತ್ತಾಳೆಯ ಭಾಗ. ಪಾನಾ ಹಾಕಿ ಎಡಕ್ಕೆ ತಿರುಗಿಸಿದಾಗ ಹೆಬ್ಬೆರಳಷ್ಟು ಉದ್ದದ ತುಂಡು ಹೊರಬಂತು. ಅಂಗಡಿಯಲ್ಲಿ ಇದನ್ನು ಕೆಲವರು ಸ್ಪಿಂಡಲ್ ಎನ್ನುತ್ತಾರೆ, ಕೆಲವರು ಕಾರ್ಟ್ರಿಜ್ ಎನ್ನುತ್ತಾರೆ. ಹೆಸರಿನ ಗೊಂದಲಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ವಸ್ತುವನ್ನೇ ತೋರಿಸಿ. ಅದರ ತಳದಲ್ಲಿ ಒಂದು ರಬ್ಬರ್ ಉಂಗುರ, ಅದರೊಳಗೆ ಬಿಲ್ಲೆ. ಮೇಲಿನ ಕಡ್ಡಿಯನ್ನು ತಿರುಗಿಸಿದಾಗ ಬಿಲ್ಲೆಯ ಕಿಂಡಿ ಮುಚ್ಚಿ ತೆರೆಯುವುದು ಕಣ್ಣಿಗೇ ಕಾಣಿಸಿತು. ಬೆರಳಿಗೆ ಕರಕರ ಎಂಬ ಅನುಭವವೂ ಆಯಿತು.

ಕಿಂಡಿ ತೆರೆದಿಟ್ಟು ಬೋಗುಣಿಯ ನೀರಿನಲ್ಲಿ ಚೆನ್ನಾಗಿ ಅಲುಗಿಸಿದೆ, ಹಳೆಯ ಮೆತ್ತಗಿನ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಬಿಳಿ ಸುಣ್ಣದಂತೆ ಕಟ್ಟಿದ್ದ ಭಾಗ ಕರಗಲೆಂದು ಅರ್ಧ ಗಂಟೆ ವಿನೆಗರಿನಲ್ಲಿಟ್ಟು ಮತ್ತೆ ನೀರಿನಲ್ಲಿ ತೊಳೆದೆ. ಚಾಕು, ಸೂಜಿ, ಉಕ್ಕಿನ ನಾರು ಇವನ್ನು ಬಿಲ್ಲೆಗೆ ತಾಗಿಸಬೇಡಿ. ಅಡುಗೆ ಎಣ್ಣೆಯನ್ನೂ ಹಚ್ಚಬೇಡಿ, ಅದರಿಂದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಮತ್ತೆ ಕೂರಿಸುವ ಮೊದಲು ಇನ್ನೊಂದು ಕೆಲಸ ಮಾಡಿದೆ. ತಲೆಯಿಲ್ಲದ ನಳ್ಳಿಯ ಮೇಲೆ ದಪ್ಪ ಬಟ್ಟೆ ಹಿಡಿದು ನಾನು ನಿಂತೆ, ಮಗಳು ಮಾಳಿಗೆಯಲ್ಲಿ ವಾಲ್ವನ್ನು ಸ್ವಲ್ಪ ತೆರೆದು ಹತ್ತೆಣಿಸಿ ಮುಚ್ಚಿದಳು. ನಾನು ಪೂರ್ತಿ ನೆನೆದೆ ಎಂಬುದು ಬೇರೆ ಮಾತು. ಆದರೆ ಬಕೆಟ್ಟಿನ ತಳದಲ್ಲಿ ಒಂದು ಚಿಟಿಕೆ ಮರಳು ಸಿಕ್ಕಿತು. ಇದನ್ನು ಹೊರಹಾಕದೆ ಕೂರಿಸಿದ್ದರೆ ಅದೇ ಮರಳು ತೊಳೆದ ಬಿಲ್ಲೆಗೆ ಮತ್ತೆ ಸೇರುತ್ತಿತ್ತು.

ಕೂರಿಸಿದಾಗ ಹನಿ ನಿಲ್ಲಲಿಲ್ಲ. ಬಹಳ ಕಡಿಮೆಯಾಯಿತು, ಅಷ್ಟೆ. ಎರಡು ತಿಂಗಳು ಮರಳಿನ ಮೇಲೆಯೇ ಬಿಗಿದು ತಿರುಗಿಸಿದ್ದೆವಲ್ಲ, ಬಿಲ್ಲೆಯಲ್ಲಿ ಗೀರು ಬಿದ್ದಾಗಿತ್ತು. ಮೊದಲ ವಾರವೇ ತೊಳೆದಿದ್ದರೆ ಬಹುಶಃ ಉಳಿಯುತ್ತಿತ್ತು. ಹಾಗಾಗಿ ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಕೇಳಿದ ಮೊದಲ ಮಾತು, "ಹಳೇದು ತಂದಿದ್ದೀರಲ್ಲ ತಂಗಿ?" ಎಂಬುದು. ತಂದದ್ದು ಒಳ್ಳೆಯದಾಯಿತು. ಇವುಗಳಲ್ಲಿ ನೋಡಲು ಒಂದೇ ತರಹ ಕಾಣುವ ಹತ್ತು ಬಗೆಗಳಿವೆ. ಹಿಡಿ ಕೂರುವ ತುದಿಯಲ್ಲಿರುವ ಸಣ್ಣ ಹಲ್ಲುಗಳ ಎಣಿಕೆ ಬೇರೆಯಾಗಿದ್ದರೆ ಹಿಡಿ ಕೂರುವುದಿಲ್ಲ. ಉದ್ದ ಬೇರೆಯಾಗಿದ್ದರೆ ಹಿಡಿ ನಳ್ಳಿಯ ಮೈಗೆ ತಾಗುತ್ತದೆ ಅಥವಾ ಮೇಲೆ ತೂಗಾಡುತ್ತದೆ. ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಎಂದೂ ಎರಡಿವೆ. ತಪ್ಪಿ ತಂದರೆ ನಷ್ಟವೇನಿಲ್ಲ, ನಳ್ಳಿ ತಿರುಗುಮುರುಗಾಗಿ ತೆರೆಯುತ್ತದೆ, ಮನೆಗೆ ಬಂದವರು ಗೊಂದಲಪಡುತ್ತಾರೆ. ಅವರು ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ಮೂರನ್ನೂ ಹೋಲಿಸಿ ಕೊಟ್ಟರು. ಹೊಸ ನಳ್ಳಿಯ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಅದನ್ನು ಕೂರಿಸುವಾಗ ಮೊದಲು ಕೈಯಿಂದಲೇ ಮರೆ ಹಿಡಿಸಿ, ಕೊನೆಗೆ ಪಾನಾದಿಂದ ಸ್ವಲ್ಪ ಮಾತ್ರ ಬಿಗಿಯಬೇಕು. ಮಿತಿಮೀರಿ ಬಿಗಿದರೆ ತಳದ ರಬ್ಬರ್ ನಜ್ಜುಗುಜ್ಜಾಗಿ ಹೊಸದೂ ತೊಟ್ಟಿಕ್ಕುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕಾಲು ಸುತ್ತಿಗೆ ನಿಲ್ಲುವುದೆಲ್ಲ ಸೆರಾಮಿಕ್ ಅಲ್ಲ. ಅಂಗಳದಲ್ಲಿ, ಶೌಚಾಲಯದಲ್ಲಿ ಹಾಕುವ ಅಗ್ಗದ ಪ್ಲಾಸ್ಟಿಕ್ ನಳ್ಳಿಗಳೂ ಕಾಲು ಸುತ್ತಿನವೇ. ಅವುಗಳೊಳಗೆ ಬಿಲ್ಲೆಯಿರುವುದಿಲ್ಲ, ತೂತಿರುವ ಒಂದು ಗುಂಡು ತಿರುಗುತ್ತದೆ. ಅವು ತೊಟ್ಟಿಕ್ಕಿದರೆ ಬಿಚ್ಚಿ ಸಮಯ ಕಳೆಯಬೇಡಿ, ಬೇರೆ ನಳ್ಳಿ ಹಾಕಿಸಿ.

ಮಿಕ್ಸರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮದು ಇನ್ನೂ ತೊಟ್ಟಿಕ್ಕಿಲ್ಲ, ಆದರೆ ತಂಗಿಯ ಮನೆಯದನ್ನು ಬಿಚ್ಚಿ ನೋಡಿದ್ದೇನೆ. ಹಿಡಿಯ ಮೇಲಿನ ಕೆಂಪು-ನೀಲಿ ಗುರುತಿನ ಹಿಂದೆ ಒಂದು ಚಿಕ್ಕ ತೂತಿದೆ, ಅದರೊಳಗಿನ ಸ್ಕ್ರೂಗೆ ಆಲನ್ ಕೀ ಬೇಕು. ಒಳಗೆ ಪ್ಲಾಸ್ಟಿಕ್ ಗೂಡಿನಲ್ಲಿ ಸೆರಾಮಿಕ್ ಬಿಲ್ಲೆಗಳೇ ಇರುತ್ತವೆ, ತಳದಲ್ಲಿ ಮೂರು ತೂತುಗಳಿಗೆ ರಬ್ಬರ್ ಸುತ್ತು. ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಗಲದ್ದಾಗಿರುತ್ತದೆ. ತೊಟ್ಟಿಕ್ಕಿದರೆ ಇಡೀ ಕಾರ್ಟ್ರಿಜ್ ಬದಲಿಸುವುದೇ ರೂಢಿ. ಬಿಚ್ಚುವ ಮೊದಲು ಗೀಸರಿನ ಸ್ವಿಚ್ ಆರಿಸಿ ನೀರು ತಣಿಯಲು ಬಿಡಿ, ತಣ್ಣೀರು ಬಿಸಿನೀರು ಎರಡರ ವಾಲ್ವನ್ನೂ ಮುಚ್ಚಿ. ಒಂದನ್ನೇ ಮುಚ್ಚಿ ಬಿಚ್ಚಿದರೆ ಇನ್ನೊಂದು ಕಡೆಯಿಂದ ನೀರು ಚಿಮ್ಮುತ್ತದೆ. ಬಿಸಿನೀರಾದರೆ ಕೈ ಸುಡುತ್ತದೆ.

ರಿಪೇರಿಗೆ ಮೊದಲು ಒಂದು ರಾತ್ರಿ ನಾನು ವುಝೂ ನಳ್ಳಿಯ ಕೆಳಗೆ ಬಕೆಟ್ ಇಟ್ಟಿದ್ದೆ. ಇಶಾದಿಂದ ಸುಬ್‌ಹಿಯವರೆಗೆ, ಒಂಬತ್ತು ಗಂಟೆಯಲ್ಲಿ, ಒಂದು ಲೀಟರಿನ ಮಗ್ಗಿನಲ್ಲಿ ಅಳೆದಾಗ 8 ಲೀಟರ್. ಹನಿ ಬೀಳುತ್ತಿದ್ದದ್ದು ಸುಮಾರು ಸೆಕೆಂಡಿಗೆ ಒಂದು. ದಿನಕ್ಕೆ ಇಪ್ಪತ್ತು ಲೀಟರಿಗಿಂತ ಹೆಚ್ಚು, ತಿಂಗಳಿಗೆ 600 ಲೀಟರ್ ದಾಟುತ್ತದೆ. ಅತ್ತೆ ಆ ಬಕೆಟ್ಟನ್ನು ನೋಡುತ್ತಾ ನಿಂತರು. ಪ್ರವಾದಿಯವರು(ಸ) ಒಂದು ಮುದ್ದ್, ಅಂದರೆ ಜೋಡಿಸಿದ ಎರಡು ಬೊಗಸೆ ಕೈ ತುಂಬುವಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿ ಬಂದಿರುವುದನ್ನು ಅವರು ಮದ್ರಸದ ದಿನಗಳಿಂದಲೇ ಬಲ್ಲರು. ಏನೂ ಹೇಳಲಿಲ್ಲ. ಆ ನೀರಿನಲ್ಲೇ ವುಝೂ ಮಾಡಿದರು, ಉಳಿದದ್ದನ್ನು ಮಲ್ಲಿಗೆ ಗಿಡಕ್ಕೆ ಹಾಕಿಸಿದರು.

ಹೊಸ ತುಂಡು ಹಾಕಿದ ರಾತ್ರಿ ಅದೇ ಬಕೆಟ್ಟನ್ನು ಒರೆಸಿ ಒಣಗಿಸಿ ಮತ್ತೆ ಇಟ್ಟೆ. ನಳ್ಳಿ ಮುಚ್ಚಿದ ಕೂಡಲೇ ಇಡಬೇಡಿ, ಮೂತಿಯಲ್ಲಿ ಉಳಿದ ನೀರು ಸೋರಿ ಮುಗಿಯಲು ಐದು ನಿಮಿಷ ಬಿಡಿ. ಬೆಳಗ್ಗೆ ತಳ ಒಣಗಿಯೇ ಇತ್ತು. ಕಟ್ಟೆಯ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ ತೆಗೆದೆವು. ಅತ್ತೆಯ ಪ್ಲಾಸ್ಟರ್ ಬಿಚ್ಚಿಯಾಗಿದೆ, ಆದರೆ ಕೈಗೆ ಹಳೆಯ ಬಲವಿಲ್ಲ. ಹಳೆಯ ಅಭ್ಯಾಸದಿಂದ ನಳ್ಳಿಯನ್ನು ಬಿಗಿಯಲು ಹೋಗಿ, "ಬೇಡ ಮಾಮಿ, ಅದು ಅಷ್ಟಕ್ಕೇ ಮುಚ್ಚುತ್ತದೆ" ಎಂದು ನಾನು ದಿನವೂ ನೆನಪಿಸಬೇಕಾಗುತ್ತದೆ. ಹಿತ್ತಿಲ ಹಿತ್ತಾಳೆ ನಳ್ಳಿಗೆ ಹಾಕಿದ ವಾಷರ್ ಮಾತ್ರ ಎರಡೇ ತಿಂಗಳಲ್ಲಿ ಮತ್ತೆ ಬಿಗಿ ಕೇಳತೊಡಗಿದೆ. ಅದರ ಸೀಟಿನಲ್ಲಿ ನನ್ನ ಉಗುರಿಗೆ ಗುಳಿ ಸಿಕ್ಕಿತ್ತು. ಸಂಬಳ ಬಂದ ವಾರ ಅದನ್ನು ಬದಲಿಸಬೇಕು.